100 ಎಂಬಿಪಿಎಸ್ ಹಾಕಿಸಿದರೂ ಅಡಿಕೆ ರೇಟು ನಿಲ್ಲಲಿಲ್ಲ: ಪ್ರೈವೇಟ್ ಡಿಎನ್‌ಎಸ್ಸೋ, ಫೈರ್‌ಫಾಕ್ಸೋ?

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಗೆದ್ದಿದ್ದು ಫೈರ್‌ಫಾಕ್ಸ್ ಬ್ರೌಸರ್ ಮತ್ತು ಅದರೊಳಗೆ ಹಾಕಿದ, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್. ಎರಡೂ ಪುಕ್ಕಟೆ. ಇದು ಗೊತ್ತಾಗುವ ಮೊದಲು ನಾನು ಮೂರು ತಿಂಗಳು, ತಿಂಗಳಿಗೆ 300 ರೂಪಾಯಿ ಜಾಸ್ತಿ ಕೊಟ್ಟು ವೈಫೈ ಪ್ಲಾನನ್ನು 40ರಿಂದ 100 ಎಂಬಿಪಿಎಸ್‌ಗೆ ಏರಿಸಿಕೊಂಡಿದ್ದೆ. ಆ ಹೊಟ್ಟೆಯುರಿಗೇ ಇದನ್ನು ಬರೆಯುತ್ತಿರುವುದು.

ನಾವಿರುವುದು ದಾವಣಗೆರೆಯ ನಿಟುವಳ್ಳಿಯಲ್ಲಿ. ತೋಟ ಚನ್ನಗಿರಿ ಕಡೆ. ಅಪ್ಪನಿಗೆ ಬೆಳಗ್ಗೆ ಟೀ ಜೊತೆ ಅಡಿಕೆ ರೇಟು ಬೇಕು. ಅವರು ನೋಡುವ ಸುದ್ದಿ ಪುಟದಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ಸಣ್ಣದೊಂದು ಪಟ್ಟಿ ಇರುತ್ತದೆ, ಅಷ್ಟೇ. ಆದರೆ ಅವರು 'ರಾಶಿ' ಸಾಲಿನ ಮೇಲೆ ಬೆರಳಿಡುವ ಹೊತ್ತಿಗೆ ಮೇಲಿಂದ ಒಂದು ಜಾಹೀರಾತು ಇಳಿಯುತ್ತದೆ, ಪಟ್ಟಿ ಕೆಳಗೆ ಜಾರುತ್ತದೆ, ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ, ಪ್ಲೇ ಸ್ಟೋರ್ ತೆರೆದುಕೊಳ್ಳುತ್ತದೆ. 'ನೆಟ್ ಸ್ಲೋ ಐತಿ' ಅನ್ನುವುದು ಅಪ್ಪನ ತೀರ್ಪು. ನಾನೂ ನಂಬಿದೆ.

ಪ್ಲಾನ್ ಏರಿಸಿದರೂ ಏನೂ ಬದಲಾಗಲಿಲ್ಲ. ಯಾಕೆ ಅಂತ ತಿಳಿದದ್ದು ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, `Disable cache` ಟಿಕ್ ಮಾಡಿ ಅದೇ ಪುಟವನ್ನು ಮತ್ತೆ ಲೋಡ್ ಮಾಡಿದಾಗ. ಆ ಚಿಕ್ಕ ಪಟ್ಟಿಗೋಸ್ಕರ ಬ್ರೌಸರ್ ಸರ್ವರ್‌ಗಳಿಗೆ ಕಳಿಸಿದ್ದು 312 ರಿಕ್ವೆಸ್ಟ್, ಇಳಿಸಿಕೊಂಡದ್ದು 8.9 ಎಂಬಿ. ಸುದ್ದಿಯ ಅಕ್ಷರಗಳು ಬಂದದ್ದು ಮೊದಲ ಐದಾರು ರಿಕ್ವೆಸ್ಟ್‌ಗಳಲ್ಲೇ. ಉಳಿದದ್ದೆಲ್ಲ ಆಮೇಲೆ ಬಂದ ನೆಂಟರು. ಒಂದು ಸ್ಕ್ರಿಪ್ಟ್ ಬಂದು ಹತ್ತಾರು ಜಾಹೀರಾತು ಸರ್ವರ್‌ಗಳ ಮುಂದೆ ಹರಾಜು ಕೂಗುತ್ತದೆ, ಗೆದ್ದವನು ಜಾಹೀರಾತು ಕಳಿಸುತ್ತಾನೆ, ಅದು ತನ್ನ ಜೊತೆ ಇನ್ನೆರಡು ಟ್ರ್ಯಾಕರ್ ಕರೆತರುತ್ತದೆ. ಪ್ರತಿ ಹೊಸ ಸರ್ವರ್‌ಗೂ ಮೊದಲು ವಿಳಾಸ ಕೇಳಬೇಕು, ಆಮೇಲೆ ಸಂಪರ್ಕ ಕಟ್ಟಬೇಕು. ಈ ಹೋಗಿಬರುವ ಹೊತ್ತು ಪೈಪು ದಪ್ಪ ಮಾಡಿದರೆ ಕಮ್ಮಿ ಆಗುವುದಿಲ್ಲ. ಬಂದ ಸ್ಕ್ರಿಪ್ಟುಗಳನ್ನು ಓಡಿಸುವ ಕೆಲಸವೂ ಅಪ್ಪನ 3 ಜಿಬಿ ರ್‍ಯಾಮಿನ ಹಳೇ ಫೋನಿನದೇ. ನಾನು ದುಡ್ಡು ಕೊಟ್ಟು ಸರಿ ಮಾಡಿಸಿದ್ದು ಹಾಳಾಗದ ಭಾಗವನ್ನು!

ಮೊದಲು ಪ್ರೈವೇಟ್ ಡಿಎನ್‌ಎಸ್ ಹಾಕಿ ನೋಡಿದೆ. ಆಂಡ್ರಾಯ್ಡ್ 9ರಿಂದ ಈಚೆಗಿನ ಫೋನುಗಳಲ್ಲಿ ಇದು ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಅಲ್ಲಿ ಒಂದೇ ಒಂದು ಹೆಸರು ಬರೆದರೆ ಸಾಕು:

```
dns.adguard-dns.com
```

ಫೋನು ಯಾವ ಸರ್ವರ್‌ನ ವಿಳಾಸ ಕೇಳಿದರೂ ಪ್ರಶ್ನೆ ಇಲ್ಲಿಗೆ ಬರುತ್ತದೆ. ಅದು ಜಾಹೀರಾತಿನ ಸರ್ವರ್ ಆಗಿದ್ದರೆ ಇದು ವಿಳಾಸವನ್ನೇ ಕೊಡುವುದಿಲ್ಲ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬೇರೆ ಆ್ಯಪ್‌ಗಳಲ್ಲಿನ ಜಾಹೀರಾತೂ ಎಷ್ಟೋ ನಿಲ್ಲುತ್ತದೆ. ಲ್ಯಾಪ್‌ಟಾಪಿಗೂ ಅದನ್ನೇ ಹಾಕಿ ಎಣಿಸಿದೆ, 312 ಇದ್ದದ್ದು 118ಕ್ಕೆ ಇಳಿಯಿತು. ಎರಡು ದಿನ ನಾನೇ ಜಾಣ ಅಂದುಕೊಂಡಿದ್ದೆ.

ಮೂರನೇ ದಿನ ಅಪ್ಪ ಮದುವೆಗೆ ಅಂತ ಚಿತ್ರದುರ್ಗಕ್ಕೆ ಹೋಗಿ ಒಂದು ಲಾಡ್ಜ್‌ನಲ್ಲಿ ಉಳಿದರು. ಅಲ್ಲಿನ ವೈಫೈ ಹಾಕಿಕೊಂಡು, ಡೇಟಾ ಉಳಿಯಲಿ ಅಂತ ಮೊಬೈಲ್ ಡೇಟಾ ಆಫ್ ಮಾಡಿದ್ದಾರೆ. ರಾತ್ರಿ ಅಮ್ಮನ ಫೋನಿಂದ ಕರೆ. 'ಏನ್ ಮಾಡಿಟ್ಟಿದೀಯಪ್ಪಾ ಫೋನಿಗೆ? ವಾಟ್ಸ್ಆ್ಯಪ್ಪೂ ಇಲ್ಲ, ಎಂಥದ್ದೂ ಇಲ್ಲ.' ವೈಫೈ ಗುರುತು ತುಂಬಾ ಕಾಣ್ತಿದೆಯಂತೆ, ಆದರೆ ಒಂದು ಮೆಸೇಜೂ ಹೋಗ್ತಿಲ್ಲ. ಅಷ್ಟರಲ್ಲಿ ಅವರು ಪಕ್ಕದ ಮೊಬೈಲ್ ಅಂಗಡಿಗೂ ಹೋಗಿ ಬಂದಿದ್ದರು. ಅವನು 'ರೀಸೆಟ್ ಹೊಡೀಬೇಕು' ಅಂದಿದ್ದನಂತೆ. ಪುಣ್ಯಕ್ಕೆ ಹೊಡೆಸಿರಲಿಲ್ಲ, ತೋಟದ ಫೋಟೋ ಎಲ್ಲ ಅದರಲ್ಲೇ ಇದ್ದವು.

ಆಗಿದ್ದು ಇಷ್ಟೇ. ಪ್ರೈವೇಟ್ ಡಿಎನ್‌ಎಸ್ 853ನೇ ಪೋರ್ಟ್ ಮೂಲಕ ಮಾತಾಡುತ್ತದೆ. ಕೆಲವು ಲಾಡ್ಜ್, ಆಫೀಸು, ಹಾಸ್ಟೆಲ್ ವೈಫೈಗಳು ಆ ಪೋರ್ಟನ್ನು ಮುಚ್ಚಿಟ್ಟಿರುತ್ತವೆ. ನಾವೇ ಹೆಸರು ಬರೆದು ಕೊಟ್ಟಾಗ, ಅದು ಸಿಗದಿದ್ದರೆ ಆಂಡ್ರಾಯ್ಡ್ ಬೇರೆ ದಾರಿ ಹಿಡಿಯುವುದಿಲ್ಲ, ಸುಮ್ನೆ ಕೂತುಬಿಡುತ್ತದೆ. ಗುರುತು ಹಿಡಿಯುವುದು ಸುಲಭ. ಮೊಬೈಲ್ ಡೇಟಾ ಆನ್ ಮಾಡಿದರೆ ಎಲ್ಲ ಓಡುತ್ತದೆ, ಆ ಒಂದು ವೈಫೈನಲ್ಲಿ ಮಾತ್ರ ಇಲ್ಲ. ಪ್ರೈವೇಟ್ ಡಿಎನ್‌ಎಸ್ ಅನ್ನು 'ಆಟೋಮ್ಯಾಟಿಕ್'ಗೆ ಹಾಕಿದ ತಕ್ಷಣ ವೈಫೈ ಸರಿಹೋಗುತ್ತದೆ, ಜಾಹೀರಾತೂ ವಾಪಸ್ ಬರುತ್ತದೆ. ಇದನ್ನು ನಾನು ಫೋನಿನಲ್ಲಿ ಅಪ್ಪನಿಗೆ ಹೇಳಿ ಮಾಡಿಸಲು ನಲವತ್ತು ನಿಮಿಷ ಹಿಡಿಯಿತು. 'ಡಿಎನ್‌ಎಸ್ ಎಲ್ಲೈತಿ' ಅನ್ನುವ ಪ್ರಶ್ನೆಗೆ ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಉತ್ತರ.

ಅದೂ ಅಲ್ಲದೆ ಡಿಎನ್‌ಎಸ್‌ಗೆ ಪುಟದೊಳಗೆ ಕೈ ಹಾಕಲು ಬರುವುದಿಲ್ಲ. ಜಾಹೀರಾತು ಬರದಿದ್ದರೂ ಅದರ ಖಾಲಿ ಪೆಟ್ಟಿಗೆ ಅಲ್ಲೇ ಉಳಿಯುತ್ತದೆ. ಸುದ್ದಿಯ ಸರ್ವರ್‌ನಿಂದಲೇ ಬರುವ ಜಾಹೀರಾತೂ ಹಾಗೇ ಬರುತ್ತದೆ.

ಬ್ರೇವ್ ಚೆನ್ನಾಗಿದೆ, ತಡೆಯುವುದೂ ಜೋರಾಗಿದೆ. ಆದರೆ ವಾಲೆಟ್, ರಿವಾರ್ಡ್ಸ್ ಅಂತ ಬಟನ್‌ಗಳಿರುವ ಬ್ರೌಸರನ್ನು ಅಪ್ಪನ ಕೈಗೆ ಕೊಡಲು ನನಗೆ ಧೈರ್ಯ ಬರಲಿಲ್ಲ. ಆಂಡ್ರಾಯ್ಡ್ ಕ್ರೋಮ್‌ಗೆ ಎಕ್ಸ್‌ಟೆನ್ಶನ್ನೇ ಹಾಕಲಾಗದು, ಅಲ್ಲಿಗೆ ಆ ಮಾತು ಮುಗಿಯಿತು.

ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಯುಬ್ಲಾಕ್ ಒರಿಜಿನ್ ಸಿಗುತ್ತದೆ. ಲ್ಯಾಪ್‌ಟಾಪಿನ ಫೈರ್‌ಫಾಕ್ಸ್‌ನಲ್ಲಿ ಎಣಿಸಿದೆ: 64 ರಿಕ್ವೆಸ್ಟ್, 5.1 ಎಂಬಿ. ಖಾಲಿ ಪೆಟ್ಟಿಗೆಗಳನ್ನೂ ಇದು ಅಳಿಸುತ್ತದೆ. ನಿಜ ಹೇಳಬೇಕೆಂದರೆ ಅಕ್ಷರ ಕಾಣಿಸಿಕೊಳ್ಳುವ ಹೊತ್ತು ಮೊದಲಿಗಿಂತ ಅಷ್ಟೇನೂ ಬದಲಾಗಲಿಲ್ಲ. ಹಳೇ ಫೋನಿನಲ್ಲಿ ಫೈರ್‌ಫಾಕ್ಸ್ ತೆರೆಯುವುದೇ ಕ್ರೋಮ್‌ಗಿಂತ ಒಂದು ಗಳಿಗೆ ತಡ. ಆದರೆ ತೆರೆದ ಮೇಲೆ ಪಟ್ಟಿ ಜಾಗ ಬಿಟ್ಟು ಅಲ್ಲಾಡುವುದಿಲ್ಲ, ಬೆರಳಾಡಿಸಿದರೆ ತಕ್ಷಣ ಸರಿಯುತ್ತದೆ. ಅಪ್ಪ ಸ್ಪೀಡ್ ಅಂದುಕೊಂಡಿದ್ದು ಇದನ್ನೇ.

ಗಮನಿಸಿದಿರಾ, ರಿಕ್ವೆಸ್ಟ್ ಐದರಲ್ಲೊಂದು ಭಾಗಕ್ಕೆ ಇಳಿದರೂ ಎಂಬಿ ಅಷ್ಟು ಇಳಿಯಲಿಲ್ಲ ಅಲ್ವಾ? ಉಳಿದ 5.1ರಲ್ಲಿ 4.3 ಎಂಬಿ ಬರೀ ಮೂರು ಫೋಟೋ. ಒಂದಂತೂ ಕ್ಯಾಮೆರಾದಿಂದ ತೆಗೆದು ಹಾಗೇ ಹಾಕಿದ 4000×3000ರದ್ದು, ತೋರಿಸುವುದು ಹೆಬ್ಬೆರಳಷ್ಟು ಜಾಗದಲ್ಲಿ. ಪೂರ್ತಿ ಬಿಡಿಸಿದರೆ ಅದೊಂದಕ್ಕೇ ಫೋನಿನ ಮೆಮೊರಿಯಲ್ಲಿ 48 ಎಂಬಿ ಬೇಕು. ಅದು ಸುದ್ದಿಯದೇ ಫೋಟೋ ಆದ್ದರಿಂದ ಯಾವ ಬ್ಲಾಕರೂ ತಾನಾಗಿ ಮುಟ್ಟುವುದಿಲ್ಲ. ಯುಬ್ಲಾಕ್ ಸೆಟ್ಟಿಂಗ್ಸ್‌ನಲ್ಲಿ `Block media elements larger than` ಅಂತ ಒಂದಿದೆ. ಅಲ್ಲಿ 200 ಕೆಬಿ ಹಾಕಿದೆ. ಈಗ ದೊಡ್ಡ ಫೋಟೋದ ಜಾಗದಲ್ಲಿ ಖಾಲಿ ಚೌಕ ಬರುತ್ತದೆ, ಅದನ್ನು ಮುಟ್ಟಿದರೆ ಮಾತ್ರ ಫೋಟೋ. ಸರ್ವರ್ ಸೈಜನ್ನು ಮುಂಚೆ ಹೇಳದಿದ್ದರೆ ಇದು ಕೆಲಸ ಮಾಡುವುದಿಲ್ಲ, ಅದೊಂದು ಕೊರತೆ.

'ಬ್ಲಾಕರ್ ತೆಗೆಯಿರಿ' ಅಂತ ಅಡ್ಡ ನಿಲ್ಲುವ ಪುಟಗಳಿಗೆ ಯುಬ್ಲಾಕ್‌ನ ಪವರ್ ಬಟನ್ ಒತ್ತಿದರೆ ಅಲ್ಲಿಗೆ ಮಾತ್ರ ಆಫ್ ಆಗುತ್ತದೆ. ಜಾಹೀರಾತು ತನ್ನ ಜಾಗದಲ್ಲಿ ತೆಪ್ಪಗೆ ಕೂರುವ ಎರಡು ಕನ್ನಡ ಪುಟಗಳಿಗೆ ನಾನೇ ಆಫ್ ಮಾಡಿಟ್ಟಿದ್ದೇನೆ, ಅವರೂ ಬದುಕಬೇಕಲ್ಲ.

ಮುಂದಿನ ತಿಂಗಳಿಂದ ಪ್ಲಾನ್ ಮತ್ತೆ 40ಕ್ಕೆ. ಅಪ್ಪನಿಗೆ ಹೇಳಿಲ್ಲ. ಮೊನ್ನೆ ಆ ಖಾಲಿ ಚೌಕವನ್ನು ತೋರಿಸಿ 'ಇದೇನಿದು?' ಅಂದರು. ಮುಟ್ಟಿ ನೋಡಿ ಅಂದೆ. ಯಾರೋ ಹಾರ ಹಾಕಿಸಿಕೊಳ್ಳುತ್ತಿರುವ ಫೋಟೋ ಬಂತು. 'ಖಾಲಿ ಇದ್ದಾಗ್ಲೇ ಚೆನ್ನಾಗಿತ್ತು' ಅಂದು ರೇಟು ನೋಡಲು ಕೆಳಗೆ ಸರಿಸಿದರು.