ಸಂಕೋಚವೋ, ಸಂಪ್ರದಾಯವೋ, ಡೆಮಿಸೆಕ್ಷುಯಾಲಿಟಿಯೋ?

ವಿಜಯಪುರದ ಒಂದೇ ಆಫೀಸಿನಲ್ಲಿ ಮೂವರು ಗೆಳತಿಯರು ಇದ್ದಾರೆ ಅಂದುಕೊಳ್ಳಿ. ಮೂವರೂ ಯಾರೊಂದಿಗೂ ಸುತ್ತಾಡುವುದಿಲ್ಲ. ಮೂವರನ್ನೂ ಊರು ‘ಸಂಭಾವಿತ ಹುಡುಗಿ’ ಅನ್ನುತ್ತದೆ. ಒಳಗೆ ನಡೆಯುವುದು ಮಾತ್ರ ಬೇರೆ ಬೇರೆ.

ಮೊದಲನೆಯವಳಿಗೆ ಚೆಂದದ ಹುಡುಗನನ್ನು ನೋಡಿದ ಕೂಡಲೇ ಆಸೆ ಹುಟ್ಟುತ್ತದೆ. ಮೋಸವಾದೀತು ಎಂಬ ಭಯದಿಂದ ತಡೆಯುತ್ತಾಳೆ. ಇದು ಎಚ್ಚರ. ಎರಡನೆಯವಳಿಗೂ ಆಸೆ ಇದೆ, ಆದರೆ ಮದುವೆಯಾದ ಮೇಲೆಯೇ ಅದೆಲ್ಲ ಎಂದು ನಂಬಿದ್ದಾಳೆ. ಇದು ಸಂಪ್ರದಾಯ.

ಮೂರನೆಯವಳು ಏನನ್ನೂ ತಡೆಯುತ್ತಿಲ್ಲ. ತಡೆಯಲು ಆಸೆಯೇ ಹುಟ್ಟಿರುವುದಿಲ್ಲ. ಸಿನಿಮಾ ಹೀರೋ ಮೇಲೂ ಇಲ್ಲ, ಪಕ್ಕದ ಟೇಬಲ್‌ನವನ ಮೇಲೂ ಇಲ್ಲ. ವರ್ಷಗಟ್ಟಲೆ ಗೆಳೆತನ ಬೆಳೆದು, ಮನಸ್ಸಿನ ಮಾತು ಹಂಚಿಕೊಂಡ ಮೇಲೆ ಒಬ್ಬನ ಮೇಲೆ ಮೊದಲ ಸಲ ಸೆಳೆತ ಬರಬಹುದು. ಆಪ್ತತೆ ಬಂದರೂ ಸೆಳೆತ ಬರದೇ ಇರಬಹುದು, ಅದೂ ಸಹಜ. ಇದು ಡೆಮಿಸೆಕ್ಷುಯಾಲಿಟಿ. ಇದನ್ನು ಅಸೆಕ್ಷುಯಲ್, ಅಂದರೆ ಲೈಂಗಿಕ ಸೆಳೆತ ಇಲ್ಲದ ಅಥವಾ ತೀರಾ ಕಡಿಮೆ ಇರುವವರ ಗುಂಪಿನೊಳಗೆ ಸೇರಿಸುತ್ತಾರೆ. ಕಾಯಿಲೆ ಅಲ್ಲ, ಆರಿಸಿಕೊಂಡ ವ್ರತವೂ ಅಲ್ಲ. ಗಂಡಸರಲ್ಲೂ ಇರುತ್ತದೆ.

ನೀವು ಯಾರು ಅಂತ ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಭಯವೂ ಇಲ್ಲ, ಯಾರ ಕಟ್ಟುಪಾಡೂ ಇಲ್ಲ ಅಂದಿದ್ದರೆ, ಅಪರಿಚಿತರ ಮೇಲೆ ಆಸೆ ಬರುತ್ತಿತ್ತಾ?

ವ್ಯತ್ಯಾಸ ಜಾಸ್ತಿ ಕಾಣುವುದು ಮನೆಯವರು ಗೊತ್ತು ಮಾಡಿದ ಮದುವೆಯಲ್ಲಿ. ಅಕ್ಷತೆ ಬಿದ್ದರೆ ಎರಡನೆಯವಳ ಕಟ್ಟುಪಾಡು ಮುಗಿಯಿತು. ಮೂರನೆಯವಳಿಗೆ ಆ ದಿನ ಏನೂ ಬದಲಾಗುವುದಿಲ್ಲ, ಗಂಡ ಇನ್ನೂ ಹೊಸಬನೇ ಅಲ್ವಾ? ‘ನಾಚಿಕೆ, ಸರಿ ಹೋಗುತ್ತೆ’ ಎಂದು ಅವಸರ ಮಾಡಿದರೆ ಅವಳಿಗೆ ಹಿಂಸೆಯಾಗುತ್ತದೆ. ಅಂಥವರು ನಿಶ್ಚಯಕ್ಕೂ ಮದುವೆಗೂ ನಡುವೆ ಹೆಚ್ಚು ತಿಂಗಳು ಕೇಳುವುದು ಒಳ್ಳೆಯದು. ಮದುವೆಯ ನಂತರವೂ ನಿಧಾನವಾಗಿ ಹೋಗೋಣ ಎಂದು ಹುಡುಗನಿಗೆ ಮೊದಲೇ ನೇರವಾಗಿ ಹೇಳಬೇಕು.