ಹಡಗಿನ ಇಟಿಎ ನೋಡಿ ಗ್ರಾಹಕರಿಗೆ ತಾರೀಖು ಕೊಡಬೇಡಿ

ಬೆಂಗಳೂರಿನಲ್ಲಿ ನನ್ನದೊಂದು ಸಣ್ಣ ಫರ್ನಿಚರ್ ಅಂಗಡಿ. 2024ರ ಜೂನ್‌ನಲ್ಲಿ ನಾನು ಮಾಡಿದ ಎಡವಟ್ಟು ಇದು. ಚೀನಾದಿಂದ ಮಾಲು ತರಿಸುವವರು ಓದಿ.

ಒಬ್ಬ ಮೇಡಂ ಎಂಟು ಜನ ಕೂರುವ ಡೈನಿಂಗ್ ಟೇಬಲ್ ಬುಕ್ ಮಾಡಿದ್ದರು. ಜೂನ್ 23ಕ್ಕೆ ಯಜಮಾನರ ಷಷ್ಟಿಪೂರ್ತಿ. ಹಡಗಿನ ಇಟಿಎ, ಅಂದರೆ ಚೆನ್ನೈಗೆ ಬರುವ ಅಂದಾಜು ದಿನ, 8 ಎಂದು ಮಾಲು ಸಾಗಣೆ ನೋಡಿಕೊಳ್ಳುವ ಫಾರ್ವರ್ಡರ್ ಹೇಳಿದ್ದರು. ನಾನು ಧೈರ್ಯವಾಗಿ 12ಕ್ಕೆ ಮನೆಗೆ ತಲುಪಿಸುತ್ತೇನೆ ಎಂದೆ.

3ನೇ ತಾರೀಖು ಫಾರ್ವರ್ಡರ್ ಮೆಸೇಜ್: ‘ಸಿಂಗಾಪುರದಲ್ಲಿ ಕಂಜೆಷನ್, ಕಂಟೈನರ್ ರೋಲ್ ಆಗಿದೆ, ಹೊಸ ಇಟಿಎ 15.’ ಆಗ ಕೆಂಪು ಸಮುದ್ರದ ಗಲಾಟೆಯಿಂದ ಯುರೋಪ್ ಕಡೆಯ ಹಡಗುಗಳು ಆಫ್ರಿಕಾ ಸುತ್ತಿ ಬರುತ್ತಿದ್ದವು. ವೇಳಾಪಟ್ಟಿ ಎಲ್ಲ ತಪ್ಪಿ, ಒಟ್ಟೊಟ್ಟಿಗೆ ಬಂದು ಸಿಂಗಾಪುರದಲ್ಲಿ ನಿಲ್ಲುತ್ತಿದ್ದವು. ಅಲ್ಲಿ ಬಳಕೆಯಲ್ಲಿಲ್ಲದ ಹಳೆಯ ಕೆಪೆಲ್ ಟರ್ಮಿನಲ್ಲಿನ ಬರ್ತುಗಳನ್ನೂ ಮತ್ತೆ ತೆರೆಯಬೇಕಾಯಿತು. ನಮ್ಮ ಕಂಟೈನರ್ ಅಲ್ಲಿಳಿದು ಚೆನ್ನೈಗೆ ಬರುವ ಇನ್ನೊಂದು ಹಡಗು ಹತ್ತಬೇಕಿತ್ತು. ಆ ಹಡಗು ಇದನ್ನು ಬಿಟ್ಟು ಹೋಗಿತ್ತು. ರೋಲ್ ಆಗುವುದು ಅಂದರೆ ಇಷ್ಟೇ.

ನಾನು ಮೇಡಂಗೆ ಫೋನ್ ಮಾಡಿ, ‘ಪೋರ್ಟಲ್ಲಿ ರಶ್ ಅಂತೆ ಮೇಡಂ, 17ಕ್ಕೆ ಗ್ಯಾರಂಟಿ’ ಎಂದೆ. ಆ ಗ್ಯಾರಂಟಿ ಅನ್ನೋ ಮಾತು ಸುಮ್ನೆ ಬಾಯಿಗೆ ಬಂದದ್ದು.

ಟ್ರ್ಯಾಕಿಂಗ್ ತೆರೆದಿದ್ದರೆ ಗೊತ್ತಾಗುತ್ತಿತ್ತು. ಕಂಟೈನರ್ ನಂಬರ್ ಹಾಕಿದರೆ ಸಿಂಗಾಪುರದ ಎದುರು Discharged ಎಂದಿತ್ತು, ಅದರ ಮೇಲೆ Loaded ಎಂಬ ಸಾಲೇ ಇರಲಿಲ್ಲ. ಆ ಸಾಲು ಬರುವ ತನಕ ಇಟಿಎ ಬರೀ ಅಂದಾಜು. ನಾನು ನೋಡಿದ್ದು 17ಕ್ಕೆ, ಮೇಡಂ ‘ಗಾಡಿ ಎಲ್ಲಿದೆಯಪ್ಪಾ?’ ಎಂದು ಕೇಳಿದ ಮೇಲೆ. ಗಾಡಿ ಹಾಗಿರಲಿ, ಟೇಬಲ್ ಇನ್ನೂ ಸಿಂಗಾಪುರದ ಯಾರ್ಡ್‌ನಲ್ಲೇ ಇತ್ತು.

ಹಡಗು ಚೆನ್ನೈಗೆ ಬಂದದ್ದು 26ಕ್ಕೆ. ಅಲ್ಲಿಗೂ ಮುಗಿಯಲಿಲ್ಲ. ನನ್ನದು ಹಲವರ ಮಾಲು ಸೇರಿಸಿದ ಕಂಟೈನರ್. ಅದು ಸಿಎಫ್‌ಎಸ್ ಎಂಬ ಕಂಟೈನರ್ ಗೋದಾಮಿಗೆ ಹೋಗಿ, ಬಿಚ್ಚಿ, ಕಸ್ಟಮ್ಸ್ ಮುಗಿದು, ಲಾರಿ ಹತ್ತಿ ಮೇಡಂ ಮನೆ ತಲುಪುವಾಗ ಜುಲೈ 2. ಹಡಗು ಬಂದ ಮೇಲೂ ಆರು ದಿನ. ನಾನು ಎರಡು ದಿನ ಲೆಕ್ಕ ಹಾಕಿದ್ದೆ!

ಷಷ್ಟಿಪೂರ್ತಿಯ ಊಟ ಶಾಮಿಯಾನದವರ ಬಾಡಿಗೆ ಟೇಬಲ್ ಮೇಲೆ ನಡೆಯಿತು. ತಡವಾದದ್ದಕ್ಕೆ ಮೇಡಂ ಅಷ್ಟು ಬೈಯಲಿಲ್ಲ. ‘3ನೇ ತಾರೀಖೇ ಆಗಲ್ಲ ಅಂದಿದ್ರೆ ಇಲ್ಲೇ ಎಲ್ಲಾದ್ರೂ ತಗೋತಿದ್ನಲ್ಲಪ್ಪಾ’ ಎಂದರು. ಆ ಇಪ್ಪತ್ತು ದಿನ ಅವರ ಕೈಯಿಂದ ಕಿತ್ತುಕೊಂಡವನು ನಾನೇ ಅಲ್ವಾ?

ಈಗ ರೋಲ್ ಆದ ದಿನವೇ ಹೀಗೆ ಬರೆದು ಕಳಿಸುತ್ತೇನೆ: ‘ಸರ್, ನಿಮ್ಮ ಟೇಬಲ್ ಸಿಂಗಾಪುರದಲ್ಲಿ ನಿಂತಿದೆ, ಮುಂದಿನ ಹಡಗು ಇನ್ನೂ ಹತ್ತಿಲ್ಲ. ಹೇಳಿದ ದಿನಕ್ಕೆ ಬರುವುದಿಲ್ಲ. ಜುಲೈ 5ರ ಒಳಗೆ ತಲುಪಬಹುದು. ಹಡಗು ಹತ್ತಿದ ದಿನ ಸರಿಯಾದ ತಾರೀಖು ತಿಳಿಸುತ್ತೇನೆ. ಅಷ್ಟು ಕಾಯಲು ಆಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್.’ ತಾರೀಖಿನಲ್ಲಿ ಹಡಗು ಚೆನ್ನೈಗೆ ಬಂದ ಮೇಲಿನ ಒಂದು ವಾರವನ್ನೂ ಸೇರಿಸಿಯೇ ಬರೆಯುತ್ತೇನೆ. ಕೆಲವರು ಅಡ್ವಾನ್ಸ್ ವಾಪಸ್ ತಗೊಂಡು ಹೋಗಿದ್ದಾರೆ. ಹೋಗಲಿ.