ಮಾರ್ಜಿನ್ ಎಚ್ಚರಿಕೆಗೆ ಮೂರು ದಾರಿ: ನಾನು ಓಡಿಸಿ ನೋಡಿದ ಹೋಲಿಕೆ

ಸಾಲ ಪಡೆದು ಷೇರು ಇಟ್ಟುಕೊಂಡವರಿಗೆ ಮಾರ್ಜಿನ್ ಕಾಲ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಯಾರೋ ಕರೆ ಮಾಡುತ್ತಾರೆ, ಹಣ ತುಂಬಲು ಒಂದೆರಡು ದಿನ ಕೊಡುತ್ತಾರೆ ಎಂಬ ನಂಬಿಕೆ ಅದರಿಂದ ಹುಟ್ಟುತ್ತದೆ. ಆದರೆ ಮುನ್ಸೂಚನೆ ಇಲ್ಲದೆಯೇ ಮಾರಿಬಿಡುವ ಹಕ್ಕನ್ನು ಎಷ್ಟೋ ಬ್ರೋಕರ್‌ಗಳು ಒಪ್ಪಂದದಲ್ಲೇ ಬರೆದುಕೊಂಡಿರುತ್ತಾರೆ. ಹಾಗಾಗಿ ಎಚ್ಚರಿಕೆಯ ಗಂಟೆಯನ್ನು ನಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ಮೂರು ವಿಧಾನಗಳನ್ನು ಒಂದೇ ಖಾತೆಯ ಮೇಲೆ ಓಡಿಸಿ ನೋಡಿದೆ.

ಮೊದಲನೆಯದು ನನ್ನದೇ ಪಟ್ಟಿ. ಪ್ರತಿ ಷೇರಿನ ಮುಂದೆ ಅದರ ಮಾರ್ಜಿನ್ ದರವನ್ನು ಬರೆದಿಟ್ಟು, ಬೆಲೆ ಬದಲಾದಾಗಲೆಲ್ಲ ಪ್ರೋಗ್ರಾಂ ತಾನೇ ಲೆಕ್ಕ ಹಾಕುವಂತೆ ಮಾಡಿದ್ದೆ. ಇದರಷ್ಟು ವೇಗ ಉಳಿದ ಎರಡಕ್ಕೂ ಇಲ್ಲ. ಆದರೆ ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಈ ಉದಾಹರಣೆಯಲ್ಲಿ ನೋಡಿ. ಷೇರುಗಳ ಮೌಲ್ಯ 1,00,000. ಸಾಲ 60,000. ಸ್ವಂತ ಪಾಲು 40,000. ದರ ಶೇ 30 ಇದ್ದರೆ ಉಳಿಸಿಕೊಂಡಿರಬೇಕಾದ ಮಾರ್ಜಿನ್ 30,000, ಹೆಚ್ಚುವರಿ 10,000. ಬೆಲೆ ಶೇ 14.3ರಷ್ಟು ಬೀಳುವವರೆಗೆ ಅಪಾಯವಿಲ್ಲ.

ಆ ಷೇರಿನ ಏರಿಳಿತ ಹೆಚ್ಚಿತೆಂದು ಬ್ರೋಕರ್ ದರವನ್ನು ಶೇ 38ಕ್ಕೆ ಏರಿಸಿದರೆ ಬೆಲೆ ಒಂದಿಷ್ಟೂ ಕದಲದೆಯೇ ಹೆಚ್ಚುವರಿ 2,000ಕ್ಕೆ ಇಳಿಯುತ್ತದೆ. ಆಗ ಶೇ 3.2ರ ಕುಸಿತ ಸಾಕು. ನನ್ನ ಪಟ್ಟಿಯಲ್ಲಿ ಮಾತ್ರ ಶೇ 14.3 ಎಂಬ ಹಳೆಯ ನೆಮ್ಮದಿಯೇ ಉಳಿದಿತ್ತು. ಬೆಲೆಯನ್ನು ಕ್ಷಣಕ್ಷಣಕ್ಕೂ ಓದುತ್ತಿದ್ದ ಪ್ರೋಗ್ರಾಂಗೆ ದರವೂ ಬದಲಾಗಬಹುದು ಎಂಬುದು ಗೊತ್ತಿರಲಿಲ್ಲ.

ಎರಡನೆಯದು, ಬ್ರೋಕರ್ ತಾನೇ ಹಾಕಿದ ಲೆಕ್ಕವನ್ನು ಎಪಿಐ ಮೂಲಕ ಓದುವುದು. ಇಂಟರ್‌ಆ್ಯಕ್ಟಿವ್ ಬ್ರೋಕರ್ಸ್‌ನ ಎಪಿಐಯಲ್ಲಿ `reqAccountSummary` ಎಂಬ ಕರೆಗೆ `MaintMarginReq`, `ExcessLiquidity`, `Cushion` ಮುಂತಾದವು ಉತ್ತರವಾಗಿ ಬರುತ್ತವೆ. ದರ ಏರಿದರೆ ಅದು ಇವುಗಳಲ್ಲೇ ಕಾಣಿಸುತ್ತದೆ. `Cushion` ಎಂದರೆ ಹೆಚ್ಚುವರಿಯನ್ನು ಖಾತೆಯ ನಿವ್ವಳ ಮೌಲ್ಯದಿಂದ ಭಾಗಿಸಿದ ಅಂಕಿ. ಮೇಲಿನ ಉದಾಹರಣೆಯಲ್ಲಿ ಅದು 0.25ರಿಂದ 0.05ಕ್ಕೆ ಬೀಳುತ್ತದೆ. ಎಚ್ಚರಿಕೆಯನ್ನು ಆ ಅಂಕಿಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಬೆಲೆ ಎಷ್ಟು ಬಿದ್ದರೆ ಕುತ್ತು ಎಂಬುದನ್ನು ಅದು ಹೇಳುವುದಿಲ್ಲ. ಬರೀ ಖರೀದಿಸಿದ ಷೇರುಗಳೇ ಇರುವ ಖಾತೆಯಲ್ಲಿ ಆ ದೂರ ಒಂದೇ ಸಾಲಿನಲ್ಲಿ ಸಿಗುತ್ತದೆ:

```python
room = excess / (gross - maint)
```

ಇಲ್ಲಿ `gross` ಎಂಬುದು `GrossPositionValue`. 2,000ವನ್ನು 62,000ದಿಂದ ಭಾಗಿಸಿದರೆ ಅದೇ ಶೇ 3.2 ಬರುತ್ತದೆ. ಆಪ್ಷನ್ ಮಾರಿದ ಖಾತೆಗೆ ಈ ಸೂತ್ರವನ್ನು ನಂಬಬೇಡಿ. ಅಲ್ಲಿ ಬೆಲೆ ಎದುರು ದಿಕ್ಕಿಗೆ ಸರಿದಂತೆ ಮಾರ್ಜಿನ್ ಕೂಡ ಉಬ್ಬುತ್ತದೆ.

ಈ ವಿಧಾನಕ್ಕೂ ಒಂದು ಮಿತಿಯಿದೆ. ಈ ಅಂಕಿಗಳು ಸಾಮಾನ್ಯವಾಗಿ ಮೂರು ನಿಮಿಷಕ್ಕೊಮ್ಮೆ ಹೊಸದಾಗುತ್ತವೆ, ವೇಗವಾಗಿ ಕುಸಿಯುವ ಮಾರುಕಟ್ಟೆಯಲ್ಲಿ ಅದು ದೀರ್ಘ ಸಮಯ. ಆದ್ದರಿಂದ ಮೊದಲ ವಿಧಾನವನ್ನು ನಾನು ಕಿತ್ತೆಸೆಯಲಿಲ್ಲ. ಬ್ರೋಕರ್‌ನ ಅಂಕಿಯಿಂದ ಆ ಹೊತ್ತಿನ ದರವನ್ನು ಪಡೆದು (`maint / gross`), ಮುಂದಿನ ಅಂಕಿ ಬರುವವರೆಗೆ ಬೆಲೆಗಳನ್ನಷ್ಟೇ ಬದಲಿಸಿ ಲೆಕ್ಕ ಹಾಕುತ್ತೇನೆ.

ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಅದೇ ಎಪಿಐ `LookAheadExcessLiquidity` ಮತ್ತು `LookAheadNextChange` ಎಂಬ ಇನ್ನೆರಡನ್ನು ಕೊಡುತ್ತದೆ. ಮುಂದಿನ ಮಾರ್ಜಿನ್ ಬದಲಾವಣೆಯ ನಂತರ ಹೆಚ್ಚುವರಿ ಎಷ್ಟಿರುತ್ತದೆ, ಆ ಬದಲಾವಣೆ ಯಾವಾಗ ಎಂಬುದೇ ಅವುಗಳ ಅರ್ಥ. ಫ್ಯೂಚರ್ಸ್ ಹಿಡಿದವರಿಗೆ ಇದು ಜೀವಾಳ, ಏಕೆಂದರೆ ಹಗಲಿನ ವಹಿವಾಟಿಗೆ ಕಡಿಮೆ ಇದ್ದ ಮಾರ್ಜಿನ್ ರಾತ್ರಿ ಹಿಡಿದಿಡುವಾಗ ಏರಬಹುದು. ಮಧ್ಯಾಹ್ನ ಎರಡನೆಯ ವಿಧಾನ 6,000 ಹೆಚ್ಚುವರಿ ಎಂದು ಶಾಂತವಾಗಿದ್ದಾಗ ಮೂರನೆಯದು ಮೈನಸ್ 1,500 ತೋರಿಸುತ್ತಿತ್ತು. ಬೆಲೆ ಅಲ್ಲಾಡದಿದ್ದರೂ ಗಡಿಯಾರವೇ ನನ್ನನ್ನು ಗಡಿ ದಾಟಿಸಲಿತ್ತು. ಒಂದು ಕಾಂಟ್ರಾಕ್ಟ್ ಅನ್ನು ನಾನೇ ಆರಿಸಿ, ನಾನೇ ಹಾಕಿದ ಬೆಲೆಗೆ ಮಾರಿದೆ. ಬಲವಂತದ ಮಾರಾಟದಲ್ಲಿ ಈ ಎರಡು ಆಯ್ಕೆಗಳೂ ನಮ್ಮ ಕೈಯಲ್ಲಿರುವುದಿಲ್ಲ. ಆದರೆ ಇದು ಹೇಳುವುದು ಈಗಾಗಲೇ ಗೊತ್ತುಪಡಿಸಿದ ಬದಲಾವಣೆಗಳನ್ನು ಮಾತ್ರ. ದಿಢೀರನೆ ಏರಿಸುವ ದರವನ್ನು ಮುಂಚೆ ಕಾಣಲಾರದು.

ಮೂರಕ್ಕೂ ಸಮಾನವಾದ ಕುರುಡು ಬಿಂದು ಮೌನ. ಸಂಪರ್ಕ ಕಡಿದರೆ ಪ್ರೋಗ್ರಾಂ ಕೂಗುವುದಿಲ್ಲ, ಕೂಗದಿದ್ದರೆ ಎಲ್ಲವೂ ಸರಿಯಿದೆ ಎಂದೇ ನಾವು ತಿಳಿಯುತ್ತೇವೆ. ಈಗ ಕೊನೆಯ ಅಂಕಿ ಬಂದು ಏಳು ನಿಮಿಷ ಕಳೆದರೆ ಅದನ್ನೂ ಅಪಾಯವೆಂದೇ ಎಣಿಸಿ, ಬೇರೊಂದು ಯಂತ್ರದಲ್ಲಿರುವ ಕಾವಲು ಪ್ರೋಗ್ರಾಂ ಮೊಬೈಲ್‌ಗೆ ಸಂದೇಶ ಕಳುಹಿಸುತ್ತದೆ. ಬೆಲೆಯ ಅಂತರ ಶೇ 8ಕ್ಕೆ ಇಳಿದಾಗ ಮೊದಲ ಸಂದೇಶ, ಶೇ 5ಕ್ಕೆ ಎರಡನೆಯದು. ಮುನ್ನೋಟದ ಅಂಕಿ ಸೊನ್ನೆಗಿಂತ ಕೆಳಗಿದ್ದರೆ, ಬದಲಾವಣೆಗೆ ಎಷ್ಟು ಹೊತ್ತು ಉಳಿದಿದ್ದರೂ, ತಕ್ಷಣ.